ಹಳೆ ಷರಾಗೆ ಹೊಸ ಉತ್ತರ: ಒಮ್ಮೆ ಬೇಡವೆಂದ ಎಚ್‌ಆರ್‌ಗೆ ಮತ್ತೆ ಬರೆಯುವುದು ಹೇಗೆ

ಸಂದರ್ಶನ ಮುಗಿದು ವಾರವೋ ಹತ್ತು ದಿನವೋ ಕಳೆದ ಮೇಲೆ ಬರುವ ಇಮೇಲ್‌ನ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ನಿಮ್ಮ ರೆಸ್ಯೂಮೆ ನಮ್ಮಲ್ಲಿರುತ್ತದೆ, ತಕ್ಕ ಹುದ್ದೆ ಬಂದಾಗ ತಿಳಿಸುತ್ತೇವೆ. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಮಂಗಳೂರಿಗೋ ಬೆಂಗಳೂರಿಗೋ ಸಂದರ್ಶನಕ್ಕೆ ಹೋಗಿ ಬಂದವರಲ್ಲಿ ಕೆಲವರು ಇದನ್ನು ನಂಬಿ ಕಾಯುತ್ತಾರೆ. ಉಳಿದವರು ಬಾಯುಪಚಾರದ ಮಾತೆಂದು ಬಿಟ್ಟುಬಿಡುತ್ತಾರೆ. ಇಬ್ಬರೂ ಅರ್ಧ ಸರಿ. ರೆಸ್ಯೂಮೆ ನಿಜಕ್ಕೂ ಅಲ್ಲಿರುತ್ತದೆ, ಆದರೆ ಯಾರಾದರೂ ಕಾರಣ ಕೊಡದ ಹೊರತು ಅದನ್ನು ತೆರೆಯುವವರಿಲ್ಲ. ಆ ಕಾರಣವನ್ನು ಒದಗಿಸುವ ಕೆಲಸ ಅಭ್ಯರ್ಥಿಯದು. ಆರು ತಿಂಗಳ ನಂತರ ಮತ್ತೆ ಬರೆಯುವುದೆಂದರೆ ಇಷ್ಟೇ. ಆದರೆ ಬರೆಯುವ ಮೊದಲು ಆ ಕಡೆ ಏನಿದೆ ಎಂದು ತಿಳಿದಿರಬೇಕು.

ಸ್ವಲ್ಪ ದೊಡ್ಡ ಕಂಪನಿಗಳಲ್ಲೆಲ್ಲ ಅರ್ಜಿಗಳನ್ನು ಇಡಲು ಒಂದು ತಂತ್ರಾಂಶ ಇರುತ್ತದೆ. ಎಚ್‌ಆರ್‌ನವರು ಅದನ್ನು ಎಟಿಎಸ್ ಅನ್ನುತ್ತಾರೆ. ಅದರಲ್ಲಿ ಪ್ರತಿ ಖಾಲಿ ಹುದ್ದೆಗೂ ಒಂದು ಸಂಖ್ಯೆ, ಪ್ರತಿ ಅಭ್ಯರ್ಥಿಗೂ ಒಂದು ಪುಟ. ನೀವು ಯಾವ ಸುತ್ತಿನವರೆಗೆ ಬಂದಿರಿ, ಸಂದರ್ಶನ ಮಾಡಿದವರು ಎಷ್ಟು ಅಂಕ ಕೊಟ್ಟರು, ಕೆಳಗೆ ಎರಡು ಸಾಲಿನಲ್ಲಿ ಏನು ಬರೆದರು ಎಂಬುದೆಲ್ಲ ಆ ಪುಟದಲ್ಲಿ ಉಳಿಯುತ್ತದೆ. ತಾಲೂಕು ಕಚೇರಿಯ ಕಡತದಲ್ಲಿ ಅಧಿಕಾರಿ ಷರಾ ಬರೆಯುತ್ತಾರಲ್ಲ, ಥೇಟ್ ಹಾಗೆಯೇ. ಉದಾಹರಣೆಗೆ: ‘ಮ್ಯಾನುಯಲ್ ಟೆಸ್ಟಿಂಗ್ ಚೆನ್ನಾಗಿ ಗೊತ್ತು. ಎಸ್‌ಕ್ಯೂಎಲ್ ದುರ್ಬಲ. ಆಟೊಮೇಷನ್ ಇಲ್ಲ.’ ಆ ದಿನ ನಿಮ್ಮನ್ನು ವಾಪಸು ಕಳಿಸಿದ್ದು ಈ ಷರಾ. ಮುಂದೆ ನಿಮ್ಮ ದಾರಿಗೆ ಅಡ್ಡ ಬರುವುದೂ ಇದೇ.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಅಷ್ಟಾಗಿ ತಿಳಿದಿಲ್ಲ. ನಿಮ್ಮೊಡನೆ ಫೋನಿನಲ್ಲಿ ಮಾತಾಡಿದ ಎಚ್‌ಆರ್ ಮೇಡಂ ನಿಮ್ಮನ್ನು ಬೇಡ ಎಂದವರಲ್ಲ. ಬೇಕು ಬೇಡ ಎನ್ನುವುದು ಆ ತಂಡದ ಮ್ಯಾನೇಜರ್. ಎಚ್‌ಆರ್‌ನವರ ತಲೆಬಿಸಿಯೇ ಬೇರೆ: ಇಂತಿಷ್ಟು ಹುದ್ದೆಗಳನ್ನು ಇಂತಿಷ್ಟು ದಿನದಲ್ಲಿ ತುಂಬಬೇಕು. ಹೊಸಬರನ್ನು ಹುಡುಕುವುದೆಂದರೆ ನೌಕ್ರಿಯಲ್ಲಿ ನೂರಾರು ರೆಸ್ಯೂಮೆ ನೋಡಬೇಕು, ಹತ್ತಾರು ಜನಕ್ಕೆ ಫೋನ್ ಮಾಡಬೇಕು. ಎರಡು ಸುತ್ತು ದಾಟಿ ಮೂರನೆಯದರಲ್ಲಿ ನಿಂತ ಒಬ್ಬರು ತಾವಾಗಿ ಮತ್ತೆ ಬಂದರೆ ಆ ಶ್ರಮದಲ್ಲಿ ಅರ್ಧ ಉಳಿಯಿತು. ಹಾಗಾಗಿ ‘ಅವರಿಗೆ ಮತ್ತೆ ಯಾಕೆ ಉಪದ್ರ ಕೊಡುವುದು’ ಎಂಬ ಸಂಕೋಚಕ್ಕೆ ಇಲ್ಲಿ ಅರ್ಥವಿಲ್ಲ. ಅವರಿಗೆ ಉಪದ್ರ ಆಗುವುದು ಬೇರೆ ಕಡೆ. ನಿಮ್ಮ ಹೆಸರನ್ನು ಮ್ಯಾನೇಜರ್ ಮುಂದಿಟ್ಟಾಗ ಅವರು ಕೇಳುವ ಮೊದಲ ಪ್ರಶ್ನೆ, ‘ಇವರನ್ನು ಜನವರಿಯಲ್ಲಿ ಬೇಡ ಅಂದದ್ದಲ್ವಾ?’ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಎಚ್‌ಆರ್ ಕೈಯಲ್ಲಿರಬೇಕು. ನೀವು ಬರೆಯುವ ಇಮೇಲ್ ನಿಮ್ಮ ಬಗ್ಗೆ ಅಲ್ಲ, ಆ ಒಂದು ಸಾಲಿನ ಬಗ್ಗೆ.

ಎಲ್ಲ ಷರಾಗಳಿಗೂ ಉತ್ತರ ಕೊಡಲು ಬರುವುದಿಲ್ಲ. ಕೌಶಲದ ಕೊರತೆ ಎಂದಿದ್ದರೆ ಬರುತ್ತದೆ. ಹುದ್ದೆಯೇ ರದ್ದಾಗಿದ್ದರೆ ಅಥವಾ ನಿಮಗಿಂತ ಅನುಭವಿಯೊಬ್ಬರು ಸಿಕ್ಕಿದ್ದರೆ ಇನ್ನೂ ಸುಲಭ. ಹೊಸ ಹುದ್ದೆ ಬಂದದ್ದೇ ಸಾಕು, ಹೊಸ ಕೌಶಲವೂ ಬೇಕಿಲ್ಲ. ಸಂಬಳ ಹೊಂದಲಿಲ್ಲ, ಬೆಂಗಳೂರಿಗೆ ಬರಲು ಒಪ್ಪಲಿಲ್ಲ ಎಂದಿದ್ದರೆ ಈಗ ಒಪ್ಪುತ್ತೀರೋ ಇಲ್ಲವೋ ಎಂದು ಹೇಳಿದರೆ ಮುಗಿಯಿತು. ಆದರೆ ರೆಸ್ಯೂಮೆಯಲ್ಲಿ ಬರೆದದ್ದು ಸುಳ್ಳು, ಆನ್‌ಲೈನ್ ಪರೀಕ್ಷೆಯಲ್ಲಿ ನಕಲು ಎಂಬ ಷರಾ ಬಿದ್ದಿದ್ದರೆ ಎಷ್ಟು ಹೊಸ ಕೋರ್ಸ್ ಮಾಡಿದರೂ ಆ ಕಂಪನಿಯಲ್ಲಿ ದಾರಿ ಇಲ್ಲ. ಬೇರೆ ಕಡೆ ನೋಡುವುದೇ ಒಳ್ಳೆಯದು.

ಷರಾ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಊಹಿಸಬೇಕು. ಬೇಡ ಎಂಬ ಇಮೇಲ್ ಬಂದ ಎರಡು ದಿನದೊಳಗೆ ಧನ್ಯವಾದ ಹೇಳಿ ಒಂದೇ ಒಂದು ಪ್ರಶ್ನೆ ಕೇಳಿದರೆ ಕೆಲವೊಮ್ಮೆ ಸುಳಿವು ಸಿಗುತ್ತದೆ: ‘ಮುಂದೆ ಇಂಥದೇ ಹುದ್ದೆಗೆ ಬರಬೇಕಾದರೆ ನಾನು ಯಾವುದನ್ನು ಗಟ್ಟಿ ಮಾಡಿಕೊಳ್ಳಬೇಕು?’ ‘ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ’ ಎಂದರೆ ಅದು ವಾದಕ್ಕೆ ಕರೆದ ಹಾಗೆ, ಎಚ್‌ಆರ್‌ನವರು ಉತ್ತರಿಸುವುದಿಲ್ಲ. ಎಷ್ಟೋ ಕಂಪನಿಗಳಲ್ಲಿ ಕಾರಣ ಹೇಳಬಾರದೆಂಬ ನಿಯಮವೇ ಇದೆ. ಉತ್ತರ ಬಾರದಿದ್ದರೆ ಅಂದೇ ಸಂಜೆ ಕುಳಿತು ಸಂದರ್ಶನದ ಪ್ರಶ್ನೆಗಳನ್ನೆಲ್ಲ ಬರೆದಿಡಿ. ಎಲ್ಲಿ ತಡವರಿಸಿದಿರಿ, ಯಾವ ಉತ್ತರದ ಮೇಲೆ ಅವರು ಮತ್ತೆ ಮತ್ತೆ ಕೆದಕಿದರು, ಯಾವುದಾದ ಮೇಲೆ ಮಾತು ತಟ್ಟನೆ ಮುಗಿಯಿತು ಎಂದು ನೋಡಿದರೆ ಷರಾ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಬೆಳ್ಳಾರೆ ಕಡೆಯ ಒಬ್ಬಳು ಹುಡುಗಿ ಎಂದಿಟ್ಟುಕೊಳ್ಳಿ. ಸುಳ್ಯದ ಕೆವಿಜಿ ಎಂಜಿನಿಯರಿಂಗ್ ಕಾಲೇಜಿನವಳಿರಬಹುದು, ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನವಳಿರಬಹುದು. ಜನವರಿಯಲ್ಲಿ ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಟೆಸ್ಟರ್ ಹುದ್ದೆಯ ಸಂದರ್ಶನಕ್ಕೆ ಹೋದಳು. ಆಪ್ಟಿಟ್ಯೂಡ್ ದಾಟಿದಳು, ಮೊದಲ ತಾಂತ್ರಿಕ ಸುತ್ತೂ ದಾಟಿದಳು. ಎರಡನೆಯದರಲ್ಲಿ ಒಂದು ಪ್ರಶ್ನೆ ಬಂತು: ಗ್ರಾಹಕರ ಪಟ್ಟಿಯೊಂದು, ಆರ್ಡರ್‌ಗಳ ಪಟ್ಟಿಯೊಂದು ಇದೆ; ಒಂದೂ ಆರ್ಡರ್ ಮಾಡದ ಗ್ರಾಹಕರ ಹೆಸರು ತೆಗೆಯಿರಿ. ಎರಡು ಪಟ್ಟಿ ಜೋಡಿಸಲು ಅವಳು ಬರೆದದ್ದು ಬರಿಯ ಜಾಯಿನ್. ಅದು ಎರಡೂ ಕಡೆ ಇರುವವರನ್ನಷ್ಟೇ ತೋರಿಸುತ್ತದೆ. ಆರ್ಡರ್ ಮಾಡದವರು ಜೋಡಿಸುವಾಗಲೇ ಬಿಟ್ಟುಹೋಗುತ್ತಾರೆ. ಬೇಕಾಗಿದ್ದುದು ಇದು:

```sql
SELECT c.name
FROM customers c
LEFT JOIN orders o ON o.customer_id = c.id
WHERE o.id IS NULL;
```

ಅದಾದ ಮೇಲೆ ‘ಆಟೊಮೇಷನ್ ಏನಾದರೂ ಮಾಡಿದ್ದೀರಾ’ ಎಂದು ಕೇಳಿದರು. ‘ಇಲ್ಲ ಸರ್, ಕಲಿಯುತ್ತೇನೆ’ ಎಂದಳು. ಅಲ್ಲಿಗೆ ಸಂದರ್ಶನ ಮುಗಿಯಿತು. ಷರಾ ಏನಿದ್ದೀತು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಈಗ ಅವಳು ಕಲಿಯಬೇಕಾದದ್ದು ಎರಡೇ, ಹತ್ತಲ್ಲ. ಎಲ್ಲರೂ ಎಡವುವುದು ಇಲ್ಲಿ. ಕೆಲಸ ಸಿಗಲಿಲ್ಲವೆಂಬ ಬೇಸರದಲ್ಲಿ ಕ್ಲೌಡ್ ಒಂದು, ಡೇಟಾ ಸೈನ್ಸ್ ಒಂದು, ಡಿಜಿಟಲ್ ಮಾರ್ಕೆಟಿಂಗ್ ಒಂದು ಎಂದು ಸರ್ಟಿಫಿಕೇಟ್ ಗುಡ್ಡೆ ಹಾಕುತ್ತಾರೆ. ಆ ಗುಡ್ಡೆಯಲ್ಲಿ ಹಳೆ ಷರಾಗೆ ತಾಗುವುದು ಒಂದೂ ಇರುವುದಿಲ್ಲ. ಮೇಲಾಗಿ ಎಚ್‌ಆರ್ ಮೇಡಂ ತಾಂತ್ರಿಕ ಹಿನ್ನೆಲೆಯವರಲ್ಲ. ಹುದ್ದೆಯ ವಿವರಣೆಯಲ್ಲಿರುವ ಪದಗಳನ್ನು ನಿಮ್ಮ ಇಮೇಲ್‌ನಲ್ಲಿರುವ ಪದಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಅಲ್ಲಿ ‘ಎಸ್‌ಕ್ಯೂಎಲ್, ಪ್ಲೇರೈಟ್’ ಎಂದಿದ್ದರೆ ನೀವೂ ಹಾಗೆಯೇ ಬರೆಯಬೇಕು. ‘ಡೇಟಾಬೇಸ್ ಜ್ಞಾನ, ಆಧುನಿಕ ಪರಿಕರಗಳು’ ಎಂದರೆ ಅವರಿಗೆ ಅದು ತಾಳೆಯಾಗುವುದಿಲ್ಲ.

ಸರ್ಟಿಫಿಕೇಟ್‌ಗಳಲ್ಲೂ ತೂಕದ ವ್ಯತ್ಯಾಸವಿದೆ. ವಿಡಿಯೊ ನೋಡಿ ಮುಗಿಸಿದ್ದಕ್ಕೆ ಸಿಗುವ ಕಾಗದವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎನ್‌ಪಿಟಿಇಎಲ್‌ನದ್ದಾದರೆ ಸ್ವಲ್ಪ ಬೆಲೆಯಿದೆ, ಏಕೆಂದರೆ ಅಂತಿಮ ಅಂಕದಲ್ಲಿ ಶೇಕಡಾ 75 ಭಾಗ ಪರೀಕ್ಷಾ ಕೇಂದ್ರದಲ್ಲಿ ಕುಳಿತು ಬರೆದ ಪರೀಕ್ಷೆಯದು. ಮನೆಯಲ್ಲಿ ಮಾಡಿದ ಅಸೈನ್‌ಮೆಂಟಿನದ್ದು ಬಾಕಿ 25. ಟೆಸ್ಟಿಂಗ್‌ನವರಿಗೆ ಐಎಸ್‌ಟಿಕ್ಯೂಬಿ ಎಂಬ ಪರೀಕ್ಷೆ ಇದೆ. ಅದರ ಮೊದಲ ಹಂತದಲ್ಲಿ 40 ಪ್ರಶ್ನೆ, 60 ನಿಮಿಷ, ಪಾಸಾಗಲು ಶೇಕಡಾ 65 ಬೇಕು. ಜಾಹೀರಾತಿನಲ್ಲಿ ಅದರ ಹೆಸರಿದ್ದರೆ ಬರೆಯಿರಿ, ಇಲ್ಲದಿದ್ದರೆ ಆ ಹಣ ಉಳಿಸಿ. ನನ್ನನ್ನು ಕೇಳಿದರೆ ಕಾಗದಕ್ಕಿಂತ ಮಾಡಿ ತೋರಿಸಿದ ಒಂದು ಕೆಲಸ ಮೇಲು.

ನಮ್ಮ ಹುಡುಗಿ ಮಾಡಿದ್ದು ಹೀಗೆ. ಆಟೊಮೇಷನ್ ಕಲಿಯುವವರೆಲ್ಲ ಅಂತರ್ಜಾಲದ ಅದೇ ನಾಲ್ಕೈದು ಅಭ್ಯಾಸದ ಅಂಗಡಿ ತಾಣಗಳ ಮೇಲೆ ಟೆಸ್ಟ್ ಬರೆದು ಅದನ್ನೇ ಪ್ರಾಜೆಕ್ಟ್ ಎನ್ನುತ್ತಾರೆ. ಸಂದರ್ಶನ ಮಾಡುವವರಿಗೆ ಅವು ಬಾಯಿಪಾಠ. ಅವಳು ಅಣ್ಣನ ಅಡಿಕೆ ವ್ಯಾಪಾರದ ಲೆಕ್ಕಕ್ಕೆಂದು ಗೆಳೆಯರೊಬ್ಬರು ಬರೆದುಕೊಟ್ಟಿದ್ದ ಸಣ್ಣ ವೆಬ್ ಪುಟವನ್ನು ಹಿಡಿದಳು. ತೂಕ ಹಾಕಿ, ಹೊಸ ಚಾಲಿಯೋ ಹಳೆ ಚಾಲಿಯೋ ಆರಿಸಿ, ದರ ಹಾಕಿದರೆ ಬಿಲ್ ಬರುವ ಪುಟ ಅದು. ಟೆಸ್ಟ್ ಬರೆಯುತ್ತ ಹೋದಾಗ ಒಂದು ತಪ್ಪು ಸಿಕ್ಕಿತು. ತೂಕವನ್ನು 1250 ಎಂದು ಬರೆದರೆ ಲೆಕ್ಕ ಸರಿ, ಅಲ್ಪವಿರಾಮ ಹಾಕಿ 1,250 ಎಂದು ಬರೆದರೆ ಬಿಲ್ ಒಂದೇ ಕಿಲೋಗೆ ಬರುತ್ತಿತ್ತು. ಒಳಗಿನ ಕೋಡ್ ಅಲ್ಪವಿರಾಮ ಕಂಡಲ್ಲೇ ಓದುವುದನ್ನು ನಿಲ್ಲಿಸುತ್ತಿತ್ತು:

```js
parseFloat("1,250")   // 1
```

ಈ ತಪ್ಪನ್ನು ಹಿಡಿಯುವ ಟೆಸ್ಟ್, ಅದು ಮೊದಲು ಫೇಲ್ ಆಗಿ ತಿದ್ದಿದ ಮೇಲೆ ಪಾಸ್ ಆದ ದಾಖಲೆ, ಒಂದು ಪುಟದ ವಿವರಣೆ ಇಷ್ಟನ್ನೂ ಅವಳು ಗಿಟ್‌ಹಬ್‌ನಲ್ಲಿ ಹಾಕಿದಳು. ಮ್ಯಾನೇಜರ್ ಎರಡು ನಿಮಿಷದಲ್ಲಿ ಓದಿ ಮುಗಿಸಬಹುದು, ಇವಳಿಗೆ ಟೆಸ್ಟರ್‌ನ ಕಣ್ಣಿದೆ ಎಂದೂ ತಿಳಿಯುತ್ತದೆ. ಇದನ್ನೇ ನಾನು ಉತ್ತರ ಎನ್ನುವುದು.

ಕಲಿತದ್ದಾಯಿತು. ಇನ್ನು ಸಮಯ. ಒಮ್ಮೆ ಬೇಡವೆಂದವರನ್ನು ಇಂತಿಷ್ಟು ತಿಂಗಳು ಮತ್ತೆ ನೋಡುವುದಿಲ್ಲ ಎಂಬ ನಿಯಮ ಅನೇಕ ಕಂಪನಿಗಳಲ್ಲಿದೆ. ಇದಕ್ಕೆ ಕೂಲಿಂಗ್ ಪೀರಿಯಡ್ ಎನ್ನುತ್ತಾರೆ. ಆರು ತಿಂಗಳು ಸಾಮಾನ್ಯ. ಮೂರು ತಿಂಗಳಿನವೂ ಇವೆ, ವರ್ಷದವೂ ಇವೆ. ಜಾಹೀರಾತಿನ ಅರ್ಹತೆಯ ಪಟ್ಟಿಯ ಕೊನೆಯಲ್ಲಿ ‘ಕಳೆದ ಆರು ತಿಂಗಳಲ್ಲಿ ನಮ್ಮ ಆಯ್ಕೆ ಪ್ರಕ್ರಿಯೆಯಲ್ಲಿ ಭಾಗವಹಿಸಿರಬಾರದು’ ಎಂಬ ಸಾಲಿದ್ದರೆ ಅದೇ. ದಿನ ಎಣಿಸುವುದು ಸಾಮಾನ್ಯವಾಗಿ ಕೊನೆಯ ಸುತ್ತು ನಡೆದ ದಿನದಿಂದ, ಬೇಡ ಎಂಬ ಇಮೇಲ್ ಬಂದ ದಿನದಿಂದಲ್ಲ. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದರೆ ತಂತ್ರಾಂಶವೇ ತಳ್ಳಿಹಾಕುತ್ತದೆ. ಕೆಲವು ಕಡೆ ಹಾಗೆ ತಳ್ಳಿದ ದಿನದಿಂದ ಎಣಿಕೆ ಮತ್ತೆ ಶುರುವಾಗುವುದೂ ಉಂಟು.

ಫ್ರೆಶರ್‌ಗಳಿಗೆ ಇದಕ್ಕಿಂತ ದೊಡ್ಡ ತೊಡಕು ಬ್ಯಾಚ್‌ನದ್ದು. ಜನವರಿಯಲ್ಲಿ ನಿಮ್ಮ ವರ್ಷದವರನ್ನೇ ಕರೆದಿರುತ್ತಾರೆ. ಜುಲೈ ಆಗುವಷ್ಟರಲ್ಲಿ ಹೊಸ ಬ್ಯಾಚ್ ಹೊರಬಂದಿರುತ್ತದೆ, ಜಾಹೀರಾತಿನಲ್ಲಿ ಅವರ ವರ್ಷ ಮಾತ್ರ ಇರುತ್ತದೆ. ಅಂಥ ಹುದ್ದೆಯ ಹಿಂದೆ ಹೋಗಿ ಫಲವಿಲ್ಲ. ‘0–1 ವರ್ಷ’ ಅಥವಾ ‘0–2 ವರ್ಷ’ ಎಂದಿರುವುದನ್ನು ಹುಡುಕಿ. ಅದರಲ್ಲಿ ನಿಮಗೊಂದು ಅನುಕೂಲವೂ ಇದೆ: ಬೇರೆ ಕಡೆ ಕೆಲಸದಲ್ಲಿರುವವರು ನೋಟಿಸ್ ಪೀರಿಯಡ್ ಎಂದು ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತಾರೆ, ನೀವು ಬರುವ ಸೋಮವಾರವೇ ಸೇರಬಹುದು. ಏಪ್ರಿಲ್‌ನಲ್ಲಿ ಹೊಸ ಬಜೆಟ್ ಬರುತ್ತದೆ. ಸಂಬಳ ಏರಿಕೆಯ ಪತ್ರ ಕೈಸೇರಿದ ಮೇಲೆ ಅತೃಪ್ತರು ಬಿಟ್ಟು ಹೋಗುತ್ತಾರೆ. ಹಾಗೆ ತೆರವಾದ ಜಾಗಗಳು ಮೇ, ಜೂನ್, ಜುಲೈಯಲ್ಲಿ ಜಾಹೀರಾತಾಗುತ್ತವೆ. ಅವು ಬೇಗ ತುಂಬಲೇಬೇಕಾದ ಜಾಗಗಳು.

ಜಾಹೀರಾತು ಹೊಸದೇ ಎಂದು ನೋಡಿಕೊಳ್ಳಬೇಕು. ಲಿಂಕ್ಡ್‌ಇನ್‌ನಲ್ಲಿ ‘Reposted’ ಎಂದಿದ್ದರೆ ಅದು ಹಳೆಯದನ್ನೇ ಮತ್ತೆ ಏರಿಸಿದ್ದು. ನಿಮ್ಮನ್ನು ಬೇಡವೆಂದ ಅದೇ ಹುದ್ದೆಯೂ ಇರಬಹುದು. ಕಂಪನಿಯ ಸ್ವಂತ ತಾಣದ ಕರಿಯರ್ಸ್ ಪುಟದಲ್ಲೂ ಅದೇ ಹುದ್ದೆ ಇದೆಯೇ, ಸಂಖ್ಯೆ ಬೇರೆಯೇ ಎಂದು ತಾಳೆ ನೋಡಿ. ಅಲ್ಲಿಲ್ಲದೆ ಹೊರಗೆ ಮಾತ್ರ ಇದ್ದರೆ ಅನುಮಾನ ಪಡಬೇಕು. ಎಲ್ಲಾದರೂ ‘ಜನವರಿಯ ನಿಮ್ಮ ಫೈಲ್ ಇನ್ನೂ ಜೀವಂತ ಇದೆ, ರಿಜಿಸ್ಟ್ರೇಷನ್‌ಗೆ ಇಷ್ಟು ಕಟ್ಟಿ’ ಎಂದು ಫೋನ್ ಬಂದರೆ ಅದು ಕಂಪನಿಯದ್ದಲ್ಲ. ಕೆಲಸ ಕೊಡಲು ಅಭ್ಯರ್ಥಿಯಿಂದ ಹಣ ಕೇಳುವ ಎಚ್‌ಆರ್ ಎಲ್ಲೂ ಇಲ್ಲ. ಹಣ ಹೋಗಿಬಿಟ್ಟಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಇಮೇಲ್ ಬರೆಯುವ ಮೊದಲು ಎರಡು ಪ್ರಶ್ನೆ ತೀರಿಸಿಕೊಳ್ಳಿ. ಮೊದಲನೆಯದು, ಆ ಕಂಪನಿಯಲ್ಲಿ ನಿಮ್ಮ ಕಾಲೇಜಿನ ಸೀನಿಯರ್ ಯಾರಾದರೂ ಇದ್ದಾರೆಯೇ. ಇದ್ದರೆ ರೆಫರಲ್ ಮೊದಲು, ಅರ್ಜಿ ಆಮೇಲೆ. ನೀವೇ ಅರ್ಜಿ ಹಾಕಿ ಆದ ಮೇಲೆ ಅವರು ನಿಮ್ಮ ಹೆಸರು ಸೇರಿಸಲು ಹೋದರೆ ‘ಈಗಾಗಲೇ ಇದೆ’ ಎಂದು ತಂತ್ರಾಂಶ ಒಪ್ಪದಿರುವುದೇ ಹೆಚ್ಚು. ಎರಡನೆಯದು, ಜನವರಿಯಲ್ಲಿ ನೀವು ಹೋದದ್ದು ನೇರವಾಗಿಯೋ ಕನ್ಸಲ್ಟೆನ್ಸಿಯ ಮೂಲಕವೋ. ಕನ್ಸಲ್ಟೆನ್ಸಿಯಾದರೆ ಆರು ತಿಂಗಳೋ ವರ್ಷವೋ ನೀವು ಅವರ ಕಡೆಯವರು ಎಂಬ ಒಪ್ಪಂದ ಕಂಪನಿಯೊಂದಿಗೆ ಇರುತ್ತದೆ. ಒಬ್ಬರನ್ನು ಸೇರಿಸಿಕೊಂಡರೆ ಕಂಪನಿ ಕನ್ಸಲ್ಟೆನ್ಸಿಗೆ ವಾರ್ಷಿಕ ಸಂಬಳದ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳ, ಕೊಡುವುದು ಸಾಮಾನ್ಯ. ವರ್ಷಕ್ಕೆ 3.6 ಲಕ್ಷದ ಹುದ್ದೆಯಾದರೆ ಸುಮಾರು 30,000 ರೂಪಾಯಿ. ಈ ಲೆಕ್ಕ ಇತ್ಯರ್ಥವಾಗದೆ ಎಚ್‌ಆರ್‌ನವರು ನಿಮ್ಮನ್ನು ಮುಟ್ಟುವುದಿಲ್ಲ. ಹಾಗಾಗಿ ಆ ಕನ್ಸಲ್ಟೆನ್ಸಿಯವರಿಗೇ ಮೊದಲು ಹೇಳಿ, ಅಥವಾ ಇಮೇಲ್‌ನಲ್ಲಿ ‘ಜನವರಿಯಲ್ಲಿ ಇಂಥವರ ಮೂಲಕ ಬಂದಿದ್ದೆ’ ಎಂದು ಸ್ಪಷ್ಟವಾಗಿ ಬರೆಯಿರಿ.

ಆಮೇಲೆ ಕಂಪನಿಯ ತಾಣದಲ್ಲಿ ಅರ್ಜಿ. ಹಳೆಯ ಇಮೇಲ್ ವಿಳಾಸ, ಹಳೆಯ ಫೋನ್ ನಂಬರನ್ನೇ ಕೊಡಬೇಕು. ಹೊಸ ವಿಳಾಸ ಮಾಡಿಕೊಂಡು ಹೋದರೆ ಹಳೆ ಷರಾ ಕಾಣಿಸದು ಎಂದು ಕೆಲವರ ಲೆಕ್ಕಾಚಾರ. ಆದರೆ ಫೋನ್ ನಂಬರ್, ಜನ್ಮದಿನಾಂಕ, ಹೆಸರು ಸೇರಿ ಎರಡು ಪುಟ ಒಬ್ಬರದ್ದೇ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ, ಆಗ ಮುಚ್ಚಿಟ್ಟವರೆಂಬ ಇನ್ನೊಂದು ಷರಾ ಬೀಳುತ್ತದೆ. ಇಲ್ಲಿ ನಿಮ್ಮ ಬಂಡವಾಳವೇ ಹಳೆಯ ಪುಟ. ಎರಡು ಸುತ್ತು ದಾಟಿದ್ದು ದಾಖಲಾಗಿರುವುದು ಅದರಲ್ಲೇ.

ಅರ್ಜಿ ಹಾಕಿದ ದಿನವೇ ಇಮೇಲ್ ಹೋಗಲಿ. ಜನವರಿಯಲ್ಲಿ ಸಂದರ್ಶನಕ್ಕೆ ಕರೆದ ಹಳೆಯ ಇಮೇಲ್‌ಗೇ ಉತ್ತರವಾಗಿ ಬರೆದರೆ ಇನ್ನೂ ಒಳ್ಳೆಯದು, ಹಿಂದಿನ ಮಾತುಕತೆ ಕೆಳಗೆ ತಾನಾಗಿ ಬರುತ್ತದೆ. ಆದರೆ ವಿಷಯದ ಸಾಲನ್ನು ಬದಲಿಸಿ, ಹುದ್ದೆಯ ಹೆಸರು ಮತ್ತು ಸಂಖ್ಯೆ ಮೊದಲು ಬರಲಿ. ಬರೆಯುವುದು ಇಂಗ್ಲಿಷಿನಲ್ಲೇ, ಅದರ ಒಕ್ಕಣೆ ಕನ್ನಡದಲ್ಲಿ ಹೀಗಿರುತ್ತದೆ:

‘ಮೇಡಂ, ಜನವರಿಯಲ್ಲಿ ನಿಮ್ಮ ಟೆಸ್ಟರ್ ಹುದ್ದೆಗೆ ಬಂದು ಎರಡನೇ ತಾಂತ್ರಿಕ ಸುತ್ತಿನವರೆಗೆ ಬಂದಿದ್ದೆ. ಆಗ ನನಗೆ ಎಸ್‌ಕ್ಯೂಎಲ್ ಜಾಯಿನ್‌ಗಳು ಸರಿಯಾಗಿ ಬರುತ್ತಿರಲಿಲ್ಲ, ಆಟೊಮೇಷನ್ ಮಾಡಿರಲಿಲ್ಲ. ಅಲ್ಲಿಂದ ಈಚೆಗೆ ಎರಡನ್ನೂ ಕಲಿತಿದ್ದೇನೆ. ಒಂದು ಅಡಿಕೆ ಬಿಲ್ಲಿಂಗ್ ಪುಟಕ್ಕೆ ಪ್ಲೇರೈಟ್‌ನಲ್ಲಿ ಟೆಸ್ಟ್ ಬರೆದು, ತೂಕವನ್ನು ತಪ್ಪಾಗಿ ಓದುತ್ತಿದ್ದ ದೋಷ ಹಿಡಿದಿದ್ದೇನೆ, ಕೊಂಡಿ ಕೆಳಗಿದೆ. ಈ ವಾರ ಪ್ರಕಟವಾದ ಹುದ್ದೆಗೆ ಇಂದು ಅರ್ಜಿ ಹಾಕಿದ್ದೇನೆ, ಅರ್ಜಿ ಸಂಖ್ಯೆ ಇದು. ನನ್ನ ಕಾಯುವ ಅವಧಿ ಮುಗಿದಿದೆ ಎಂದುಕೊಂಡಿದ್ದೇನೆ. ಈ ಹುದ್ದೆಗೆ ನನ್ನನ್ನು ಪರಿಗಣಿಸಬಹುದೇ? ತಕ್ಷಣ ಸೇರಬಲ್ಲೆ, ಮಂಗಳೂರಿನಲ್ಲಿ ಉಳಿಯಲು ವ್ಯವಸ್ಥೆ ಇದೆ.’

ಇಷ್ಟೇ. ರೆಸ್ಯೂಮೆ ಪಿಡಿಎಫ್ ಆಗಿ ಜೊತೆಗಿರಲಿ. ಹಳೆಯ ಅರ್ಜಿಗಳನ್ನು ಕೆಲವು ಕಾಲದ ಮೇಲೆ ಅಳಿಸಿಹಾಕುವ ಕಂಪನಿಗಳಿವೆ, ಅವರಲ್ಲಿದೆ ಎಂದು ನಂಬಿ ಕೂರುವಂತಿಲ್ಲ. ಎರಡನೆಯ ವಾಕ್ಯದಲ್ಲಿ ತನ್ನ ಕೊರತೆಯನ್ನು ತಾನೇ ಹೇಳಿಕೊಂಡದ್ದು ಹಲವರಿಗೆ ಹಿಡಿಸುವುದಿಲ್ಲ. ‘ನಾವೇ ಯಾಕೆ ನೆನಪು ಮಾಡಬೇಕು?’ ಎನ್ನುತ್ತಾರೆ. ಅದು ಅಲ್ಲಿ ಮೊದಲೇ ಬರೆದಿದೆ. ಷರಾ ಏನೆಂದು ನಿಮಗೆ ಗೊತ್ತು ಎಂದು ತೋರಿಸಿದರಷ್ಟೇ ಮುಂದಿನ ವಾಕ್ಯ ಅದಕ್ಕೆ ಉತ್ತರವಾಗುತ್ತದೆ. ಕೊನೆಯ ವಾಕ್ಯವೂ ಲೆಕ್ಕ ಹಾಕಿ ಬರೆದದ್ದೇ. ಸುಳ್ಯ, ಕಡಬದ ವಿಳಾಸ ಕಂಡ ಕೂಡಲೇ ಮಂಗಳೂರಿನ ಎಚ್‌ಆರ್‌ಗೆ ಬರುವ ಸಂಶಯ, ದಿನಾ ಅಷ್ಟು ದೂರದಿಂದ ಬಂದು ಹೋಗುತ್ತಾರಾ, ಮಳೆಗಾಲದಲ್ಲಿ ಏನು ಗತಿ ಎಂಬುದು. ಪುತ್ತೂರಿನವರು ಬಸ್ಸಿನಲ್ಲೋ ಕಬಕ ಪುತ್ತೂರು ನಿಲ್ದಾಣದಿಂದ ರೈಲಿನಲ್ಲೋ ದಿನಾ ಹೋಗಿ ಬರುವುದುಂಟು. ಗುತ್ತಿಗಾರು, ಸುಬ್ರಹ್ಮಣ್ಯದ ಕಡೆಯವರಿಗೆ ಅದು ಸುಲಭವಲ್ಲ. ಎಚ್‌ಆರ್‌ನವರು ಕೇಳುವ ಮೊದಲೇ ಹೇಳಿಬಿಡುವುದು ಲೇಸು.

ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಅದೇ ಇಮೇಲ್‌ನ ಕೆಳಗೆ ಎರಡು ಸಾಲು. ಆಮೇಲೂ ಇಲ್ಲದಿದ್ದರೆ ಆ ಹುದ್ದೆಯ ಮಟ್ಟಿಗೆ ಅಲ್ಲಿಗೇ ನಿಲ್ಲಿಸಬೇಕು. ವಾಟ್ಸ್ಆ್ಯಪ್ ಮಾಡುವುದು ಅವರು ಹಿಂದೆ ಅದರಲ್ಲೇ ಮಾತಾಡಿದ್ದರೆ ಮಾತ್ರ. ಮಂಗಳೂರಿನ ಎಚ್‌ಆರ್‌ನವರಲ್ಲಿ ತುಳು ಮಾತಾಡುವವರು ಬಹಳ ಮಂದಿ. ಆದರೆ ಅವರಾಗಿ ತುಳುವಿಗೆ ಬಂದ ಮೇಲೆ ನೀವೂ ಬನ್ನಿ.

ಉತ್ತರ ಬಂದರೆ ಅದರ ಅರ್ಥ ಹಿಡಿಯಬೇಕು. ‘ಪೋರ್ಟಲ್‌ನಲ್ಲಿ ಅರ್ಜಿ ಹಾಕಿ’ ಎಂದರೆ ನಿರಾಕರಣೆಯಲ್ಲ, ಅರ್ಜಿ ಸಂಖ್ಯೆ ಅವರ ಕಣ್ಣಿಗೆ ಬಿದ್ದಿಲ್ಲ ಅಷ್ಟೇ, ಮತ್ತೊಮ್ಮೆ ಕೊಡಿ. ‘ತಂಡಕ್ಕೆ ಕಳಿಸಿದ್ದೇನೆ’ ಎಂದರೆ ಷರಾಗೆ ನಿಮ್ಮ ಉತ್ತರ ಒಪ್ಪಿಗೆಯಾಗಿದೆ, ಚೆಂಡು ಈಗ ಮ್ಯಾನೇಜರ್ ಅಂಗಳದಲ್ಲಿ. ‘ಹುದ್ದೆ ಹೋಲ್ಡ್‌ನಲ್ಲಿದೆ’ ಎಂದರೆ ಅನೇಕ ಸಲ ಬಜೆಟ್ಟಿನ ಸಮಸ್ಯೆ, ತಿಂಗಳು ಬಿಟ್ಟು ಕೇಳಬಹುದು. ‘ಸೆಪ್ಟೆಂಬರ್‌ವರೆಗೆ ಆಗುವುದಿಲ್ಲ’ ಎಂದರೆ ಅದು ಕಾಯುವ ಅವಧಿ. ಯಾವ ದಿನದಿಂದ ಎಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಸಲ ‘ನೀವು ಹೇಳಿದ ದಿನ ಆಯಿತು’ ಎಂದು ಬರೆಯಲು ಕಾರಣ ತಾನಾಗಿ ಸಿಕ್ಕಿತಲ್ಲ.

ನಮ್ಮ ಹುಡುಗಿಗೆ ಫೋನ್ ಬರುತ್ತದೆ ಎನ್ನಿ. ‘ಹೌದಾ, ನೀವು ಜನವರಿಯಲ್ಲಿ ಬಂದವರಲ್ವಾ? ಗುರುವಾರ ವಿಡಿಯೊ ಕಾಲ್ ಇಡುವಾ.’ ಜುಲೈ ತಿಂಗಳು, ಘಟ್ಟದ ಬುಡದ ಹಳ್ಳಿ. ಗಾಳಿಮಳೆಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ಕರೆಂಟಿಲ್ಲ, ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಕಡಬ, ಸುಳ್ಯದ ಒಳಭಾಗದಿಂದ ವಿಡಿಯೊ ಸಂದರ್ಶನ ಕೊಡುವುದೆಂದರೆ ಜೂಜು. ಹಿಂದಿನ ದಿನವೇ ಪುತ್ತೂರಿನಲ್ಲೋ ಸುಳ್ಯ ಪೇಟೆಯಲ್ಲೋ ನೆಂಟರ ಮನೆಗೆ ಹೋಗಿ ಕೂರುವುದು ಕ್ಷೇಮ. ಅಥವಾ ‘ಮಂಗಳೂರಿಗೇ ಬರುತ್ತೇನೆ’ ಎಂದು ಕೇಳಿ ನೋಡಬಹುದು, ಬಹಳ ಕಡೆ ಅದಕ್ಕೆ ಸಂತೋಷವಾಗಿ ಒಪ್ಪುತ್ತಾರೆ.

ಸಂದರ್ಶನದಲ್ಲಿ ಮೊದಲು ಕೈ ಹಾಕುವುದು ನೀವು ಹೊಸದಾಗಿ ಕಲಿತೆ ಎಂದದ್ದಕ್ಕೇ. ಹಳೆಯ ಪ್ರಶ್ನೆಯೇ ಸ್ವಲ್ಪ ವೇಷ ಬದಲಿಸಿ ಬರುತ್ತದೆ: ಕಳೆದ ತಿಂಗಳು ಆರ್ಡರ್ ಮಾಡದ ಗ್ರಾಹಕರು ಯಾರು? ಮೇಲಿನ ಉತ್ತರವನ್ನು ಬಾಯಿಪಾಠ ಮಾಡಿದವರು ದಿನಾಂಕದ ಷರತ್ತನ್ನು ಕೊನೆಯ ಸಾಲಿಗೆ ಸೇರಿಸಿ ಕೆಡಿಸುತ್ತಾರೆ. ಅದು ಜೋಡಣೆಯ ಸಾಲಿನಲ್ಲಿ, ON ಇರುವಲ್ಲಿ, ಬರಬೇಕು. ಇಲ್ಲದಿದ್ದರೆ ಆರ್ಡರ್ ಇಲ್ಲದ ಸಾಲಿನಲ್ಲಿ ದಿನಾಂಕವೇ ಇಲ್ಲದೆ ಒಬ್ಬರೂ ಪಟ್ಟಿಗೆ ಬರುವುದಿಲ್ಲ. ಇದು ಯಾಕೆಂದು ಬಿಡಿಸಿ ಹೇಳಲು ಬಂದರೆ ಹಳೆ ಷರಾ ಅಳಿದ ಹಾಗೆಯೇ.

ಮಧ್ಯದ ತಿಂಗಳುಗಳನ್ನು ಸುಳ್ಳು ಅನುಭವದಿಂದ ತುಂಬುವ ಆಮಿಷ ಬರುತ್ತದೆ. ಹಣ ಕೊಟ್ಟರೆ ಅನುಭವ ಪತ್ರ ಬರೆದುಕೊಡುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಹೊಸ ಕಂಪನಿಗೆ ಹೋಗುವವರಿಗೇ ಅದು ಅಪಾಯ, ಹಳೆಯ ಕಂಪನಿಗೆ ವಾಪಸು ಹೋಗುವವರಂತೂ ಖಂಡಿತ ಸಿಕ್ಕಿಬೀಳುತ್ತಾರೆ. ಜನವರಿಯ ರೆಸ್ಯೂಮೆಯಲ್ಲಿ ಫ್ರೆಶರ್, ಜುಲೈಯದರಲ್ಲಿ ಒಂದೂವರೆ ವರ್ಷದ ಅನುಭವ. ಎರಡೂ ಅದೇ ಪುಟದಲ್ಲಿ ಒಂದರ ಕೆಳಗೊಂದು ಕೂತಿರುತ್ತವೆ. ಸೇರುವ ಮೊದಲು ಪಿಎಫ್‌ನ ಯುಎಎನ್ ಸಂಖ್ಯೆಯಲ್ಲಿ ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ ಎಂದು ನೋಡುವುದು ಈಗ ರೂಢಿಯಾಗಿದೆ. ಆರು ತಿಂಗಳು ಮನೆಯಲ್ಲಿದ್ದು ಕಲಿತೆ, ಅಣ್ಣನ ಲೆಕ್ಕ ಬರೆದೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇದೆಲ್ಲ ಖಾಸಗಿ ಕಂಪನಿಯ ಮಾತು. ಅಧಿಸೂಚನೆ ಹೊರಡಿಸಿ ಪರೀಕ್ಷೆ ನಡೆಸಿ ತೆಗೆದುಕೊಳ್ಳುವ ಸರ್ಕಾರಿ ಇಲಾಖೆಗೋ ಬ್ಯಾಂಕಿಗೋ ಹೀಗೆ ಬರೆದರೆ ಉಪಯೋಗವಿಲ್ಲ. ಅಲ್ಲಿ ಹಳೆ ಷರಾ ಎಂಬುದೇ ಇಲ್ಲ, ಪ್ರತಿ ಸಲವೂ ಎಲ್ಲರೂ ಹೊಸಬರೇ.

ಇನ್ನು ಬರೆದ ಇಮೇಲ್ ತಲುಪದೆ ವಾಪಸು ಬರುವ ಸಂದರ್ಭ. ಎಚ್‌ಆರ್‌ನವರು ಬೇಗ ಬೇಗ ಕಂಪನಿ ಬದಲಿಸುತ್ತಾರೆ, ಗುತ್ತಿಗೆಯ ಮೇಲೆ ಇರುವವರೂ ಬಹಳ. ಲಿಂಕ್ಡ್‌ಇನ್‌ನಲ್ಲಿ ಅವರ ಹೆಸರು ಹುಡುಕಿದರೆ ಈಗ ಎಲ್ಲಿದ್ದಾರೆಂದು ತಿಳಿಯುತ್ತದೆ. ಹಳೆಯ ಕಂಪನಿಯಲ್ಲಿ ಅವರ ಜಾಗಕ್ಕೆ ಬಂದವರಿಗೆ ಅದೇ ಇಮೇಲ್ ಕಳಿಸಿ. ಅವರಿಗೆ ನಿಮ್ಮ ಮುಖ ಗೊತ್ತಿಲ್ಲದಿದ್ದರೂ ಪುಟ ಅಲ್ಲೇ ಇದೆ. ಜಾಗ ಬಿಟ್ಟು ಹೋದವರಿಗೆ ಬೇರೆ ಒಂದು ಬರೆಯಿರಿ: ಜನವರಿಯಲ್ಲಿ ಅಲ್ಲಿ ನಿಮ್ಮ ಮೂಲಕ ಬಂದಿದ್ದೆ, ಈಗ ಇದನ್ನು ಕಲಿತಿದ್ದೇನೆ, ನೀವೀಗ ಇರುವ ಕಂಪನಿಯಲ್ಲಿ ಈ ಹುದ್ದೆ ಕಂಡೆ. ಅಲ್ಲಿ ನಿಮ್ಮ ಮೇಲೆ ಷರಾ ಇಲ್ಲ, ಕಾಯುವ ಅವಧಿಯೂ ಇಲ್ಲ. ನಿಮ್ಮನ್ನು ನೆನಪಿರುವ ಒಬ್ಬರು ಮಾತ್ರ ಇದ್ದಾರೆ.